ಓಪನ್ ಫೈಲ್‌ಗೆ ಎಷ್ಟು ಕೇಳಬೇಕು?

ಹೋದ ವರ್ಷ ಗೋಪಿನಾಥಂ ಹತ್ತಿರದ ಒಂದು ಹೋಂಸ್ಟೇಗೆ ಫೋಟೋ ತೆಗೆದು ಬ್ರೋಷರ್ ಮಾಡಿಕೊಟ್ಟೆ. 8,000 ರೂಪಾಯಿ. ಪಿಡಿಎಫ್ ಕೊಟ್ಟೆ, ದುಡ್ಡೂ ಬಂತು. ಎಂಟು ತಿಂಗಳಾದ ಮೇಲೆ ಮಾಲೀಕರ ಫೋನು: "ತಮ್ಮಾ, ಓಪನ್ ಫೈಲು, ಫೋಟೋ ಎಲ್ಲಾ ಕಳ್ಸಪ್ಪ. ರೂಮ್ ರೇಟು ನಾವೇ ಬದಲಾಯಿಸ್ಕೋತೀವಿ."

"ಸುಮ್ನೆ ಕಳ್ಸು" ಅಂದ ಒಬ್ಬ ಗೆಳೆಯ. "ಮೂರು ಪಟ್ಟು ಕೇಳು" ಅಂದ ಇನ್ನೊಬ್ಬ. ನನ್ನ ಪ್ರಕಾರ ಎರಡೂ ತಪ್ಪು. ಈ ಬೆಲೆಯಲ್ಲಿ ಎರಡು ಭಾಗ ಇದೆ.

ಮೊದಲನೆಯದು ಕೆಲಸ. ನಾನು ಟೈಪ್ ಮಾಡಿದ್ದು ಹಳೇ ನುಡಿ ಫಾಂಟಿನಲ್ಲಿ. ಅದು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಔಟ್‌ಲೈನ್ ಮಾಡಿದ್ರೆ ಸರಿ ಕಾಣುತ್ತೆ, ಆದ್ರೆ ತಿದ್ದೋಕಾಗಲ್ಲ. ಹಾಗಾಗಿ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ನೋಡಿ, ಲೇಯರ್‌ಗಳಿಗೆ ಹೆಸರಿಟ್ಟು, ಫೋಟೋ ಆರಿಸಿ ಕೊಡಬೇಕು. ಮೂರು ಗಂಟೆ, 300ರಂತೆ 900.

ಎರಡನೆಯದು ಹಕ್ಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಆದ್ದರಿಂದ ಫೋಟೋಗೆ ಹಕ್ಕಿನ ಬೆಲೆ ಹಾಕಲಿಲ್ಲ. ವಿನ್ಯಾಸದ ಹಕ್ಕು ಮಾತ್ರ ಮಾಡಿದವನದ್ದು. ಬರೆದು ಸಹಿ ಹಾಕದೆ ಅದು ಕೈ ಬದಲಾಗಲ್ಲ. ಅವರೇ ತಿದ್ದಿಕೊಂಡ್ರೆ ವರ್ಷಕ್ಕೆ ಎರಡು ತಿದ್ದುಪಡಿಯ ಕೆಲಸ ನನ್ನ ಕೈ ತಪ್ಪುತ್ತೆ: 2,000. ಒಟ್ಟು 2,900. ಬಿಟ್ಟುಹಾಕಿದ ಸ್ಕೆಚ್‌ಗಳನ್ನ ಕೊಡಲಿಲ್ಲ, ಅವು ಅವರು ಕೊಂಡ ಕೆಲಸದಲ್ಲಿ ಸೇರಿರಲಿಲ್ಲ.

ಲೆಕ್ಕ ಬಿಡಿಸಿ ಹೇಳಿದ ಮೇಲೆ ಮಾಲೀಕರು ಒಪ್ಪಿದ್ರು. "ಮೊದ್ಲೇ ಹೇಳ್ಬಾರ್ದಿತ್ತಾ?" ಅಂದ್ರು. ಅದು ನ್ಯಾಯವಾದ ಮಾತು. ಈಗ ನನ್ನ ಕೊಟೇಶನ್‌ನಲ್ಲಿ ಓಪನ್ ಫೈಲಿನ ದರಕ್ಕೇ ಒಂದು ಸಾಲು ಇದೆ.