ಕೇಸಿಂಗ್: ಪೈಪಿನ ಜಾತಿಗಿಂತ ಅದು ಕೂರುವ ಜಾಗ ನೋಡಿ

ಬೋರ್ ಹೊಡಿಸುವ ದಿನ ನಮ್ಮ ರೈತರು ಕೇಳುವ ಮೊದಲ ಮಾತು, "ಕೇಸಿಂಗ್ ಪಿವಿಸಿ ಹಾಕಲೋ, ಕಬ್ಬಿಣದ್ದು ಹಾಕಲೋ?" ಈಗೀಗ ಕೆಲವರು ಎಚ್‌ಡಿಪಿಇ ಅನ್ನೋದನ್ನೂ ಸೇರಿಸಿದ್ದಾರೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ನೆಲದಲ್ಲಿ ಕೇಸಿಂಗ್ ಕೆಡುವುದು ಹೆಚ್ಚಾಗಿ ಪೈಪಿನ ಜಾತಿಯಿಂದಲ್ಲ, ಹತ್ತು ಫೂಟು ಕಮ್ಮಿ ಇಳಿಸಿದ್ದರಿಂದ.

ನಮ್ಮ ನೆಲ ಹೆಂಗದ ಅಂತ ತಿಳಿಯಲು ದೊಡ್ಡ ಓದು ಬೇಡ. ವಾಡಿ ಇಲ್ಲವೇ ಶಹಾಬಾದ್ ಹತ್ತಿರದ ಫರ್ಸಿ ಖಣಿಯ ದಂಡೆಗೆ ಹೋಗಿ ನಿಂತು ನೋಡಿ. ಮೇಲೆ ಎರಿ ಮಣ್ಣು, ಅದರ ಕೆಳಗೆ ಹಳದಿ ಸುಣ್ಣದ ಗರಸು, ಆಮೇಲೆ ಒಂದರ ಮೇಲೊಂದು ರೊಟ್ಟಿ ಇಟ್ಟಂಗ ಸುಣ್ಣಕಲ್ಲಿನ ಪದರಗಳು. ಆ ಪದರಗಳ ನಡುವೆ ಅಲ್ಲಲ್ಲಿ ಸಂದು ಇರುತ್ತವೆ. ಸುಣ್ಣಕಲ್ಲು ನೀರಿಗೆ ಕರಗುವ ಕಲ್ಲು. ಕರಗಿದ ಜಾಗದಲ್ಲಿ ಮೇಲಿನ ಮಣ್ಣು ಹೋಗಿ ತುಂಬಿಕೊಂಡಿರುತ್ತದೆ. ಅಂದರೆ ರಿಗ್ಗಿಗೆ ಮೊದಲು ತಾಗುವ ಕಲ್ಲು ಗಟ್ಟಿ ಬಂಡೆ ಇರಬಹುದು, ಇಲ್ಲವೇ ಕೆಸರಿನ ಮೇಲೆ ಕೂತ ನಾಲ್ಕು ಫೂಟಿನ ಚಪ್ಪಡಿಯೂ ಇರಬಹುದು.

ನಮ್ಮ ಬಾಜೂ ಹೊಲದ ಬೋರಿನಲ್ಲಿ ಆದದ್ದು ಇದೇ. 12 ಫೂಟು ಎರಿ, 35ರ ತನಕ ಗರಸು, ಅಲ್ಲಿ ಕಲ್ಲು ತಾಗಿತು. ರಿಗ್ಗಿನವನು "ಕಾಕಾ, ಕಲ್ಲು ಬಂತು, ಪೈಪ್ ಇಳಸೋಣ" ಅಂದ. 38 ಫೂಟಿಗೆ ಪಿವಿಸಿ ಕೂರಿಸಿ ಸಣ್ಣ ಬಿಟ್ಟು ಹಾಕಿದರು. 39ಕ್ಕೆ ಚಪ್ಪಡಿ ಮುಗಿದು 45ರ ತನಕ ಹಳದಿ ಕೆಸರು ಬಂತು. ಆಮೇಲೆ ಗಟ್ಟಿ ಕಲ್ಲು. ನೀರೂ ಚಲೋ ಬಿತ್ತು, ಹಂಗಾಗಿ ಯಾರೂ ಆ ಆರು ಫೂಟಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ಮಳೆಗಾಲದಲ್ಲಿ ಮೋಟಾರ್ ಚಾಲೂ ಮಾಡಿದ ಮೇಲೆ ಹತ್ತು ನಿಮಿಷ ರಾಡಿ ನೀರು ಬರತೊಡಗಿತು. ಬಕೆಟಿನ ತಳದಲ್ಲಿ ನುಣ್ಣನೆ ಮಣ್ಣು ನಿಲ್ಲುತ್ತಿತ್ತು. ಆಮೇಲೆ ಆಂಪಿಯರ್ ಏರಿತು, ಒಂದು ದಿನ ಪಂಪು ಹಿಡಕೊಂಡಿತು. ಎಲ್ಲರೂ "ಪಿವಿಸಿ ಒಡೆದದ" ಅಂದರು. ಎತ್ತಿ ನೋಡಿದರೆ ಪೈಪು ನೆಟ್ಟಗಿತ್ತು. ಮಣ್ಣು ಪೈಪಿನ ಬುಡದ ಕೆಳಗಿನ ಸಂದಿನಿಂದ ಬರುತ್ತಿತ್ತು. ಅಲ್ಲಿ ಕಬ್ಬಿಣದ ಪೈಪು ಇದ್ದರೂ ಇದೇ ಆಗುತ್ತಿತ್ತು.

ಆಮೇಲಿನ ಉಪಾಯ ತುಟ್ಟಿ. ಒಳಗೆ 140 ಮಿ.ಮೀ. ಪೈಪನ್ನು 55 ಫೂಟಿನ ತನಕ ಇಳಿಸಿ ಮೇಲೆ ಕ್ಲ್ಯಾಂಪ್ ಹಾಕಿ ತೂಗು ಬಿಟ್ಟರು. ರಾಡಿ ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಆರು ಇಂಚಿನ ಮೋಟಾರ್ ಆ ಪೈಪಿನಲ್ಲಿ ಹೋಗದ್ದರಿಂದ ನಾಲ್ಕು ಇಂಚಿನದ್ದು ಹೊಸದಾಗಿ ಕೊಳ್ಳಬೇಕಾಯಿತು.

ಆದ್ದರಿಂದ ಕಲ್ಲು ತಾಗಿದ ಕೂಡಲೇ ಪೈಪ್ ಇಳಿಸಲು ಬಿಡಬೇಡಿ. ದೊಡ್ಡ ಬಿಟ್ಟಿನಲ್ಲೇ ಇನ್ನೂ ಹತ್ತು ಫೂಟು ಹೊಡಿಸಿ. ಪುಡಿ ಒಂದೇ ಬಣ್ಣದ ಬೂದಿ ಹಂಗ ಒಣಗಿ ಬರ್ತಿದ್ದರೆ, ಸದ್ದು ಒಂದೇ ಸಮ ಇದ್ದರೆ, ಗಟ್ಟಿ ಸಿಕ್ಕಿತು ಅನ್ನಿ. ರಾಡು ದಬಕ್ಕನೆ ಇಳಿದರೆ, ಹಳದಿ ಹಸಿ ಮಣ್ಣು ಬಂದರೆ, ಅದು ಸಂದು. ಅದನ್ನು ದಾಟಿ ಮತ್ತೆ ಐದಾರು ಫೂಟು ಗಟ್ಟಿ ಕಲ್ಲಿನಲ್ಲಿ ಹೋಗಿ, ಅಲ್ಲಿ ಪೈಪಿನ ಬುಡ ಕೂರಿಸಬೇಕು. ರಿಗ್ಗಿನವರು ಗೊಣಗುತ್ತಾರೆ. ದೊಡ್ಡ ಬಿಟ್ಟಿನ ಕೆಲಸ ನಿಧಾನ, ಅವರಿಗೆ ಮುಂದಿನ ಊರಿಗೆ ಓಡುವ ಗಡಿಬಿಡಿ. ಆ ಹತ್ತು ಫೂಟಿನ ರೊಕ್ಕ ನಾವೇ ಕೊಡುವುದಲ್ಲವೇ!

ಈಗ ಪೈಪಿನ ಮಾತು. ಏಳು ಇಂಚಿನ, 5 ಮಿ.ಮೀ. ದಪ್ಪದ ಕಬ್ಬಿಣದ ಪೈಪು ಫೂಟಿಗೆ ಸುಮಾರು ಆರೂವರೆ ಕಿಲೋ ತೂಗುತ್ತದೆ. 180 ಮಿ.ಮೀ. ಪಿವಿಸಿ, ಆರೂವರೆ ಮಿ.ಮೀ. ದಪ್ಪದ್ದು, ಫೂಟಿಗೆ ಒಂದೂವರೆ ಕಿಲೋ. ಮೇಲಿನ ಬೋರಿಗೆ ಬೇಕಿದ್ದದ್ದು 50 ಫೂಟು. ಕಬ್ಬಿಣವಾದರೆ 325 ಕಿಲೋ, ಕಿಲೋಕ್ಕೆ 80 ರೂಪಾಯಿ ಹಿಡಿದರೆ 26,000, ವೆಲ್ಡಿಂಗ್ ಬೇರೆ. ಪಿವಿಸಿಯಾದರೆ 75 ಕಿಲೋ, ಕಿಲೋಕ್ಕೆ 130 ಹಿಡಿದರೂ 10,000ದ ಒಳಗೆ. ದರ ದಿನ ದಿನ ಬದಲಾಗುತ್ತದೆ. ನೀವು ಅಂಗಡಿಯಲ್ಲಿ ಅವತ್ತಿನ ಕಿಲೋ ದರ ಕೇಳಿ ಇದೇ ರೀತಿ ಗುಣಿಸಿ. 38 ಫೂಟು ಕಬ್ಬಿಣದ ರೊಕ್ಕದಲ್ಲಿ 50 ಫೂಟು ಪಿವಿಸಿ ಹಾಕಿ ಇನ್ನೂ ರೊಕ್ಕ ಉಳಿಯುತ್ತದೆ.

ಹಂಗಂತ ಪಿವಿಸಿ ಕಣ್ಣು ಮುಚ್ಚಿ ಕೊಳ್ಳುವ ಮಾಲಲ್ಲ. ಅದರ ಬಲ ಎಲ್ಲಾ ದಪ್ಪದಲ್ಲಿದೆ. ಹೊರಗಿನಿಂದ ಹಸಿ ಎರಿ ಮಣ್ಣು ಉಬ್ಬಿ ಒತ್ತುವಾಗ, ದಪ್ಪ ಎರಡು ಪಟ್ಟಾದರೆ ತಾಳುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಂಗೇ ತೆಳುವಾದರೆ ಅಷ್ಟೇ ಬೇಗ ಇಳಿಯುತ್ತದೆ. ತೆಳು ಪೈಪು ಒಡೆಯುವುದಿಲ್ಲ, ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ ಮೋಟಾರನ್ನು ಹಿಡಿದುಬಿಡುತ್ತದೆ. ಆದರೆ ದಪ್ಪಕ್ಕೂ ಒಂದು ಮಿತಿ ಅದ. 180 ಪೈಪು 8 ಮಿ.ಮೀ. ದಪ್ಪವಿದ್ದರೆ ಒಳಗೆ ಉಳಿಯುವುದು 164. ಆರೂವರೆ ಇಂಚಿನ ಬಿಟ್ಟು 165. ಹೋಗುವುದಿಲ್ಲ! ಆಗ ಆರು ಇಂಚಿನ ಬಿಟ್ಟಿಗೆ ಇಳಿಯಬೇಕು, ಮೋಟಾರೂ ಅದಕ್ಕೆ ತಕ್ಕದ್ದು ಇರಬೇಕು. ಇದನ್ನು ರಿಗ್ ಬರುವ ಮೊದಲೇ ಮಾತಾಡಿಕೊಳ್ಳಿ. ಪೈಪಿನ ಮೇಲೆ ಐ.ಎಸ್. 12818 ಅಂತ ಅಚ್ಚು ಇದ್ದರೆ ಅದು ಕೇಸಿಂಗಿಗೆಂದೇ ಮಾಡಿದ ಪೈಪು.

ಜೋಡಣೆಯಲ್ಲಿ ಆಗುವ ಅವಸರ ಇನ್ನೊಂದು ತಾಪತ್ರಯ. ಸಲೂಷನ್ ಹಚ್ಚಿದ ಕೂಡಲೇ ಪೈಪು ಬಿಟ್ಟರೆ ಅಂಟು ಹಿಡಿಯುವುದಿಲ್ಲ. ಅದಕ್ಕೇ ರಿಗ್ಗಿನವರು ಸ್ಕ್ರೂ ಹೊಡಿಯುತ್ತಾರೆ. ಉದ್ದ ಸ್ಕ್ರೂ ಆದರೆ ತುದಿ ಒಳಗೆ ಚಾಚಿ ಮೋಟಾರ್ ಕೇಬಲ್ ಸುಲಿಯುತ್ತದೆ. ಗಿಡ್ಡ ಸ್ಕ್ರೂ ನೀವೇ ತಂದಿಟ್ಟುಕೊಳ್ಳಿ. ಆಟೆ ಇರುವ ಪೈಪು ಸಿಕ್ಕರೆ ಈ ತಲೆನೋವೇ ಇಲ್ಲ.

ಕಬ್ಬಿಣಕ್ಕೂ ಅದರ ಜಾಗ ಇದೆ. ಹೊಡೆದ ತೂತಿನಲ್ಲಿ ಕಲ್ಲು ಜರಿದು ಬೀಳುತ್ತಿದ್ದರೆ, ಪೈಪನ್ನು ಒತ್ತಿ ಇಳಿಸಬೇಕಾದರೆ, ಪಿವಿಸಿ ತಡೆಯುವುದಿಲ್ಲ. ಆದರೆ ತುಕ್ಕು ಹಿಡಿಯುವುದು ಎಲ್ಲಾ ಕಡೆ ಒಂದೇ ಸಮ ಅಲ್ಲ. ಸುಣ್ಣಕಲ್ಲಿನ ನೀರು ಕಬ್ಬಿಣದ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದು ಸ್ವಲ್ಪ ಕಾಯುತ್ತದೆ. ತಿನ್ನುವುದು ವೆಲ್ಡಿಂಗ್ ಜಾಗದಲ್ಲಿ ಮತ್ತು ನೀರು ಏರಿ ಇಳಿಯುವ ಮಟ್ಟದಲ್ಲಿ. ಚಿಂಚೋಳಿ ಕಡೆಯ ಕೆಂಪು ಜಂಬಿಟ್ಟಿಗೆ ನೆಲದ ನೀರು ಸುಣ್ಣ ಕಮ್ಮಿ, ಸ್ವಲ್ಪ ಹುಳಿ. ಅಲ್ಲಿ ಕಬ್ಬಿಣ ಬೇಗ ಸವೆಯುತ್ತದೆ, ನಾನಾದರೆ ಪಿವಿಸಿಯನ್ನೇ ಹಾಕುತ್ತೇನೆ. ಅಲ್ಲಿ ಕರಿಕಲ್ಲಿನ ಪದರಗಳ ನಡುವೆ ಕೆಂಪು ಮಣ್ಣಿನ ಪದರ ಸಿಗುವುದುಂಟು. ನೀರು ತಾಗಿದರೆ ಅದು ಮೆತ್ತಗಾಗಿ ಉದುರುತ್ತದೆ. ಮೇಲೆ ಹತ್ತಿರದಲ್ಲೇ ಸಿಕ್ಕರೆ ಅದನ್ನೂ ದಾಟಿಸಿ ಪೈಪ್ ಇಳಿಸಿ.

ಎಚ್‌ಡಿಪಿಇ ಬಗ್ಗೆ ಎರಡೇ ಮಾತು. ಅದು ಮೋಟಾರ್ ತೂಗು ಹಾಕುವ ಕರಿ ಪೈಪಿಗೆ ಬಹಳ ಚಲೋ. ತುಕ್ಕಿಲ್ಲ, ಬಾಗಿದರೂ ಮುರಿಯುವುದಿಲ್ಲ. ಆದರೆ ಬಾಗುವ ಗುಣವೇ ಕೇಸಿಂಗಿಗೆ ದೋಷ. ಒಂದೇ ದಪ್ಪದ ಪಿವಿಸಿ ತಾಳುವ ಒತ್ತಡದ ಮೂರನೇ ಒಂದು ಪಾಲೂ ಅದು ತಾಳುವುದು ಕಷ್ಟ. ವರ್ಷಗಟ್ಟಲೆ ಒತ್ತಡ ಬಿದ್ದರೆ ಇನ್ನೂ ಕಮ್ಮಿ. ಸಲೂಷನ್ ಅದಕ್ಕೆ ಹಿಡಿಯುವುದಿಲ್ಲ, ಕಾಯಿಸಿ ಬೆಸೆಯುವ ಯಂತ್ರ ಹೊಲಕ್ಕೆ ತರಬೇಕು. ನೀರಿಗಿಂತ ಹಗುರ, ನೀರಿದ್ದ ತೂತಿನಲ್ಲಿ ತೇಲಿ ಮೇಲೆ ಬರುತ್ತದೆ.

ಕೊನೆಗೆ, ಪೈಪಿನ ಸುತ್ತ ಉಳಿಯುವ ಸಂದಿಗೆ ಜಲ್ಲಿ ಸುರಿಯಬೇಡಿ. ಬ್ಯಾಸಿಗೆಯಲ್ಲಿ ಎರಿ ಬಿರುಕು ಬಿಟ್ಟಾಗ ಮೊದಲ ಮಳೆ ನೀರು ಆ ಜಲ್ಲಿಯಲ್ಲೇ ನೆಟ್ಟಗೆ ಕೆಳಗಿಳಿಯುತ್ತದೆ. ಮೇಲಿನ ಹತ್ತು ಫೂಟಿಗಾದರೂ ಸಿಮೆಂಟ್ ರಾಡಿ ಹಾಕಿ. ನೆಲದ ಮೇಲೆ ಕಾಣುವ ಪಿವಿಸಿ ಬಿಸಿಲಿಗೆ ಪೆಡಸಾಗುತ್ತದೆ, ಟ್ರಾಕ್ಟರ್ ತಾಗಿದರೆ ಸೀಳುತ್ತದೆ. ಅದಕ್ಕೆ ಐದು ಫೂಟಿನ ಕಬ್ಬಿಣದ ತುಂಡೊಂದನ್ನು ಹೊರಗಿನಿಂದ ತೊಡಿಸಿ, ಮೂರು ಫೂಟು ನೆಲದೊಳಗೆ ಹುಗಿಯಿರಿ. ಗುಜರಿಯಲ್ಲಿ ಸಿಗುವ ಎಂಟು ಇಂಚಿನ ಹಳೇ ಪೈಪೂ ನಡೆಯುತ್ತದೆ.