ಅಂಗೈಯಾಗ ಜಾಗ ಅದ, ಜಗಲಿ ಬ್ಯಾಡ

ಜೂನ್ ತಿಂಗಳ ಬಂತಂದ್ರ ನಮ್ಮ ಓಣ್ಯಾಗ ಟ್ರಂಕ್ ತುಂಬೋದು ಚಾಲೂ ಆಗ್ತದ. ಯಾದಗಿರಿ, ಶಹಾಪುರ, ಸುರಪುರದ ಹುಡುಗೂರು ಕಲಬುರಗಿಗೆ, ರಾಯಚೂರಿಗೆ, ಧಾರವಾಡಕ್ಕ ಓದಾಕ ಹೊಂಟು ನಿಂತಿರ್ತಾವ. ನಾವು ತಾಯಂದಿರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ, ಅದರ ಮ್ಯಾಲ ಒಂದು ದೇವರ ಗಂಟೂ ಇಡ್ತೀವಿ. ನನ್ನ ಮಗಳಿಗೆ ನಾನೂ ಇಟ್ಟಿದ್ದೆ. ಹಿತ್ತಾಳಿ ದೀಪ, ಗಂಟಿ, ಊದಿನಕಡ್ಡಿ, ಕರ್ಪೂರ, ಕುಂಕುಮದ ಭರಣಿ, ಗಾಜು ಹಾಕಿದ ಚರಬಸವೇಶ್ವರರ ಫೋಟೋ, ಎಲ್ಲಾ ಇತ್ತು.

ದೀಪಾವಳಿಗೆ ಮನಿಗೆ ಬಂದಾಗ ಆಕಿ ಟ್ರಂಕ್ ನಾನೇ ಬಿಚ್ಚಿದೆ. ಗಂಟು ನಾ ಕಟ್ಟಿದ್ಹಂಗೇ ಇತ್ತು. ಅದರ ಬಾಜೂಕ ಒಂದು ಕರ್ಚೀಪಿನ್ಯಾಗ ಸುತ್ತಿಟ್ಟ ಆಕಿ ಇಷ್ಟಲಿಂಗ! ನನಗ ಎದಿ ಧಸಕ್ಕಂತು. ಯಾಕವ್ವ ಹಿಂಗ ಮಾಡಿದಿ ಅಂದ್ರ, "ಖೋಲ್ಯಾಗ ನಾಕು ಮಂದಿ ಇದೀವಿ, ದೇವರಿಗೆ ಎಲ್ಲಿ ಜಾಗ ಅದ? ಊದಿನಕಡ್ಡಿ ಹಚ್ಚಿದ್ರ ವಾರ್ಡನ್ ಬೈತಾರ. ಪೂಜಾ ಮಾಡ್ಲಾರದ ಮ್ಯಾಲ ಕೊರಳಾಗ ಇಟ್ಕೊಳ್ಳೋದು ತಪ್ಪಲ್ಲೇನು?" ಅಂದ್ಲು.

ಸಿಟ್ಟು ಬಂತು ಖರೇ, ಆದ್ರ ರಾತ್ರಿ ಮಲಗಿ ವಿಚಾರ ಮಾಡಿದಾಗ ತಪ್ಪು ನಂದೇ ಅನಿಸ್ತು. ಹುಟ್ಟಿದಾಗಿಂದ ಆಕಿಗೆ ನಾ ಜಗಲಿ ಒರೆಸೋದು, ದೀಪ ತಿಕ್ಕೋದು, ಹೂವು ಏರಿಸೋದು ಕಲಿಸಿದೆ. ಕೊರಳಾಗಿನ ಲಿಂಗಕ್ಕ ಏನು ಮಾಡಬೇಕು ಅನ್ನೋದು ಕೂಡಿಸಿಕೊಂಡು ಕಲಿಸಿದ್ದೇ ಇಲ್ಲ. 12ನೇ ಶತಮಾನದಾಗ ಕಲ್ಯಾಣದ ಶರಣರು ದೇವರನ್ನ ಗುಡಿಯಿಂದ ಅಂಗೈಗೆ ತಂದಿದ್ದೇ ಗುಡಿ, ಪೂಜಾರಿ, ಖರ್ಚು ಯಾವುದೂ ಅಡ್ಡ ಬರಬಾರದು ಅಂತ. ಅವರೊಳಗ ಮಡಿವಾಳರು, ಅಂಬಿಗರು, ಕಟ್ಟಿಗಿ ಮಾರೋರು, ದಿನಾ ದುಡಿದು ತಿನ್ನೋರೇ ಭಾಳ. ಅವರಿಗೆ ಎಲ್ಲಿ ದೇವರ ಖೋಲಿ ಇತ್ತು? ಹಾಸ್ಟೆಲ್ ಹುಡುಗೂರಿಗೆ ಇದಕ್ಕಿಂತ ಹೊಂದೋ ಪೂಜಾ ಇನ್ನೊಂದಿಲ್ಲ, ನಾವೇ ಅದನ್ನ ಸಾಮಾನಿನ ಪೂಜಾ ಮಾಡಿ ಇಟ್ಟೀವಿ ಅಂತ ನನ್ನ ಅಭಿಪ್ರಾಯ.

ಆ ರಜಾದಾಗ ನಾಕು ದಿನ ಬಾಜೂಕ ಕುಂತು ಆಕಿಗೆ ತೋರಿಸಿದೆ. ಗಂಟಿನ್ಯಾಗ ಉಳಿದದ್ದು ನಾಕೇ ಸಾಮಾನು. ಒಂದು ವಿಭೂತಿ ಉಂಡಿ, ಒಂದು ಸಣ್ಣ ಸ್ಟೀಲ್ ಬಟ್ಟಲ, ಎರಡು ಬಿಳಿ ಅರಿವಿ ತುಂಡು, ಕಾಗದದಾಗ ಮಡಚಿದ ಹತ್ತು ಬಿಲ್ವಪತ್ರಿ. ಬಿಲ್ವಪತ್ರಿ ಒಣಗಿದ್ರೂ ನಡೀತದ, ತೊಳೆದು ತಿರುಗಿ ಏರಿಸಬಹುದು ಅಂತ ಹಿರಿಯರು ಹೇಳ್ತಾರ. ಹಿಂಗಾಗಿ ಹತ್ತು ದಳ ಒಂದು ತಿಂಗಳು ಬರ್ತಾವ.

ಜಳಕ ಆದ ಮ್ಯಾಲ ತನ್ನ ಹಾಸಿಗಿ ಮ್ಯಾಲೇ ಒಂದು ತೊಳೆದ ಟವೆಲ್ ಹಾಸಿ, ಕಿಡಕಿ ಕಡೆ ಬೆನ್ನು ಮಾಡಿ ಕೂಡಬೇಕು. ನಡು ಮೂರು ಬಟ್ಟು ತೊಯ್ಸಿ ವಿಭೂತಿ ಹಚ್ಚಿಕೊಂಡು ಹಣಿಗೆ ಧರಿಸೋದು. ಲಿಂಗ ಬಿಚ್ಚಿ ಎಡಗೈ ಅಂಗೈಯಾಗ ಇಟ್ಕೊಂಡು, ಕೆಳಗ ತೊಡಿ ಮ್ಯಾಲ ಬಟ್ಟಲ ಇಟ್ಟು, ಒಂದೆರಡು ಚಮಚ ನೀರು ನಿಧಾನಕ್ಕ ಬಿಡಬೇಕು. ಆ ನೀರು ತೀರ್ಥ ಅಂತ ತಗೊಳ್ಳೋದು ಇರ್ತದ, ಅದಕ್ಕ ಬಚ್ಚಲ ನಳದ ನೀರು ಬ್ಯಾಡ, ಕುಡಿಯೋ ನೀರಿನ ಬಾಟಲಿಂದ ಬಿಡ್ರಿ ಅಂತ ಹೇಳ್ರಿ. ಒಂದು ಅರಿವಿಲೆ ಒತ್ತಿ ಒರೆಸಿ, ತೆಳುವಾಗಿ ವಿಭೂತಿ ಹಚ್ಚಿ, ಒಂದು ದಳ ಏರಿಸಿದ್ರ ಅರ್ಧ ಪೂಜಾ ಆತು.

ಖರೇ ಪೂಜಾ ಇನ್ನರ್ಧದಾಗ ಅದ. ಅಂಗೈ ಎದಿ ಮಟ್ಟಕ್ಕ ಎತ್ತಿ ಹಿಡಿದ್ರ, ಬೆನ್ನಹಿಂದಿನ ಬೆಳಕು ಲಿಂಗದ ಕರೀ ಹೊಳಪಿನ ಮ್ಯಾಲ ಒಂದು ಚುಕ್ಕಿಯಂಗ ಕಾಣ್ತದ. ಆ ಚುಕ್ಕಿ ಮ್ಯಾಲ ದೃಷ್ಟಿ ಇಟ್ಟು ಮನಸಿನ್ಯಾಗ ಓಂ ನಮಃ ಶಿವಾಯ ಅನ್ನೋದು. ಜಪಸರ ಬೇಕಿಲ್ಲ. ಬಲಗೈ ನಾಕು ಬಟ್ಟಿನ ಮೂರು ಮೂರು ಗೆಣ್ಣು ಹೆಬ್ಬಟ್ಟಿಲೆ ಎಣಿಸಿದ್ರ ಹನ್ನೆರಡು, ಹಂಗ ಒಂಬತ್ತು ಸಲಕ್ಕ 108 ಆಗ್ತದ. ಮೊದಮೊದಲು ಕಣ್ಣಾಗ ನೀರು ಬರ್ತಾವ, ಕೈ ನೋಯ್ತದ. ಆವಾಗ ಒಂದೇ ಸುತ್ತು ಸಾಕು. ಮೊಣಕೈ ತೊಡಿ ಮ್ಯಾಲ ಇಟ್ಟಿದ್ದ ದಿಂಬಿಗೆ ಊರಿದ್ರ ಕೈ ನಡುಗಂಗಿಲ್ಲ. ಎಲ್ಲಾ ಸೇರಿ ಹತ್ತು ನಿಮಿಷ. ದೀಪ ಹಚ್ಚಲಿಲ್ಲ, ಗಂಟಿ ಬಾರಿಸಲಿಲ್ಲ, ಬಾಜೂಕ ಮಲಗಿದಾಕಿಗೆ ಎಚ್ಚರಾನೂ ಆಗ್ಲಿಲ್ಲ.

ಎಡವೋದು ಎಲ್ಲಿ ಅಂದ್ರ ಪೂಜಾ ಮುಗಿದ ಮ್ಯಾಲ. ಕಾಲೇಜಿಗೆ ಹೊತ್ತಾತು ಅಂತ ಹಸಿ ಲಿಂಗಾನೇ ಕಟ್ಟಿಬಿಡ್ತಾರ. ನನ್ನ ಮಗಳೂ ಹಂಗೇ ಮಾಡಿ, ಹದಿನೈದು ದಿನಕ್ಕ ಅರಿವಿ ಮುಗ್ಗು ವಾಸನಿ ಬಂತು, ಶಿವದಾರ ಜಿಬುರು ಜಿಬುರಾತು. ಅದಕ್ಕೇ ಎರಡು ಅರಿವಿ. ಒಂದು ಒರೆಸಾಕ, ಒಂದು ಒಣಾ ಕಟ್ಟಾಕ. ವಿಭೂತಿ ದಪ್ಪ ಹಚ್ಚಿದ್ರ ಲಿಂಗದ ಬುಡದಾಗ ಕುಂತು ಗಟ್ಟಿ ಆಗ್ತದ, ಉಗುರಿಲೆ ಕೆರೀಬಾರದು, ತೊಯ್ದ ಅರಿವಿಲೆ ಒರೆಸಬೇಕು. ಲಿಂಗದ ಮ್ಯಾಲಿನ ಕರೀದಕ್ಕ ಕಂತಿ ಅಂತಾರ. ಅದಕ್ಕ ಬಿಸಿನೀರು, ಸಾಬೂನು, ಕರ್ಪೂರದ ಬೆಂಕಿ ತಾಗಿಸಬಾರದು. ಒರೆಸಿದ ಬಿಳಿ ಅರಿವಿಗೆ ಕರೀ ಬಣ್ಣ ಹತ್ತಿತು, ಇಲ್ಲಾ ಸೀಳು ಕಂಡಿತು ಅಂದ್ರ ತಾವೇ ಏನೂ ಹಚ್ಚಬಾರದು, ಊರಿಗೆ ಬಂದಾಗ ಮಠದಾಗ ಅಯ್ಯನವರಿಗೆ ತೋರಿಸಬೇಕು.

ನೈವೇದ್ಯ ಖೋಲಿಗೆ ಒಯ್ಯೋದು ಬ್ಯಾಡ, ಇರವಿ ಹತ್ತಿ ಇನ್ನೊಬ್ಬರ ಹಾಸಿಗಿಗೂ ಹೋಗ್ತಾವ. ಮೆಸ್ಸಿನ್ಯಾಗ ತಾಟು ಮುಂದ ಬಂದಾಗ ಒಂದು ಗಳಿಗಿ ಎದಿ ಮ್ಯಾಲಿನ ಲಿಂಗ ಮುಟ್ಟಿ ನೆನೆಸಿ ಉಂಡ್ರ ಅದೇ ಅರ್ಪಣಾ.

ಇನ್ನೊಂದು ಮಾತು ಹೇಳ್ತೀನಿ, ಕೆಲವರಿಗೆ ಹಿಡಿಸಲಿಕ್ಕಿಲ್ಲ. ತಿಂಗಳ ಆ ದಿನಗಳಾಗ ಲಿಂಗ ತೆಗೆದಿಡು ಅಂತ ನಾವೇ ಹೆಣ್ಣುಮಕ್ಕಳಿಗೆ ಹೇಳ್ತೀವಿ. ಹಾಸ್ಟೆಲಿನ್ಯಾಗ ತೆಗೆದಿಟ್ಟಿದ್ದು ಟ್ರಂಕಿನ್ಯಾಗ ಹೋಗ್ತದ, ಆಮ್ಯಾಲ ಹೊರಗ ಬರಂಗಿಲ್ಲ. ನನ್ನ ಮಗಳದ್ದು ಶುರು ಆಗಿದ್ದೂ ಹಂಗೇ ಅಂತ ಆಮ್ಯಾಲ ಹೇಳಿದ್ಲು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಅನ್ನೋ ಐದು ಸೂತಕ ಲಿಂಗ ಕಟ್ಟಿದವರಿಗೆ ಇಲ್ಲ ಅಂತ ಶರಣರು ಹೇಳ್ಯಾರ. ಹೊಟ್ಟಿ ನೋವಿದ್ರ ಮಲಗೇ ಎದಿ ಮುಟ್ಟಿ ನೆನೆಸಲಿ, ಆದ್ರ ತೆಗೆದಿಡೋದು ಬ್ಯಾಡ. ನಮ್ಮತ್ತಿ ಇದಕ್ಕ ಇನ್ನೂ ಒಪ್ಪಿಲ್ಲ. ನಾ ಮಾತ್ರ ಹೇಳೋದು ಬಿಟ್ಟಿಲ್ಲ.

ಸುರಪುರದ ಕಡೆ ನಮ್ಮ ಬೀಗತಿಯೊಬ್ಬರು, "ನಾವು ತಿಂಥಣಿ ಮೌನಪ್ಪಯ್ಯನ ಒಕ್ಕಲ, ನಮ್ಮಲ್ಲಿ ಲಿಂಗ ಕಟ್ಟಂಗಿಲ್ಲ, ನಮ್ಮ ಹುಡುಗ ಏನು ಮಾಡಬೇಕು?" ಅಂತ ಕೇಳಿದ್ರು. ಅಂಗಡ್ಯಾಗ ಲಿಂಗ ಕೊಂಡು ಕಟ್ಟಬ್ಯಾಡ್ರಿ, ಅದು ಗುರುವಿನ ಕೈಯಿಂದ ದೀಕ್ಷಾ ಆಗಿ ಬರಬೇಕು ಅಂದೆ. ಅವನ ಪುಸ್ತಕದಾಗ ನಿಮ್ಮ ಮನಿದೇವರ ಅಂಗೈಯಷ್ಟು ಫೋಟೋ ಇಡ್ರಿ. ಜಳಕ ಆದ ಮ್ಯಾಲ ತೆಗೆದು, ಮುಂದ ಒಂದು ಗಿಲಾಸ ನೀರಿಟ್ಟು, ಅಷ್ಟೇ ಹೊತ್ತು ಹೆಸರು ತಗೊಂಡು, ಆ ನೀರು ಕುಡಿದು ಪುಸ್ತಕ ಮುಚ್ಚಲಿ ಅಂದೆ.

ಗಾಜಿನ ಫೋಟೋ, ಗಂಟಿ ಈಗ ನಮ್ಮ ಜಗಲಿ ಮ್ಯಾಲ ಅವ. ಮಗಳ ಶಿವದಾರ ಈ ಸಲ ಬಂದಾಗ ನೋಡಿದೆ, ಬೆವರಿಗೆ ಮಾಸಿ ಕೆಂಪಾಗಿತ್ತು. ದಿನಾ ಕೊರಳಾಗ ಇದ್ದದ್ದಕ್ಕ ಬ್ಯಾರೆ ಸಾಕ್ಷಿ ಕೇಳಲಿಲ್ಲ, ಹೊಸಾ ದಾರ ಕಟ್ಟಿ ಕಳಿಸಿದೆ.