ಕೋರ್ಸ್ ಒಂದು ವರ್ಷ ಮುಂದೆ ಹೋದರೆ ಇಎಂಐ ಕಾಯುತ್ತದೆಯೇ?

ಹೋದ ವರ್ಷ ಯುಗಾದಿಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಕಾಕಾ ಬ್ಯಾಂಕಿನ ಒಂದು ಕಾಗದ ಹಿಡಿದುಕೊಂಡು ಕೂತಿದ್ದರು. “ನೋಡಪಾ, ಆಗಸ್ಟಿನಿಂದ ಕಂತು ಕಟ್ಟಬೇಕಂತ. ಇವಂದು ಇನ್ನೂ ಕಾಲೇಜ ಮುಗಿದಿಲ್ಲ, ಎಲ್ಲಿಂದ ಕಟ್ಟೂದು?” ತಮ್ಮ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಎರಡನೇ ವರ್ಷದಲ್ಲಿ ಅವನಿಗೆ ಇಯರ್ ಬ್ಯಾಕ್ ಆಗಿತ್ತು. ಅದನ್ನು ಮನೆಯವರು ಬ್ಯಾಂಕಿಗೆ ಹೇಳಿರಲೇ ಇಲ್ಲ.

ಲೆಕ್ಕ ಇಷ್ಟೇ. ಅವನು ಇಂಜಿನಿಯರಿಂಗ್ ಸೇರಿದ್ದು 2020ರಲ್ಲಿ, ಮುಗಿಯಬೇಕಿದ್ದದ್ದು 2024ರ ಜುಲೈಗೆ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಮೊರಟೋರಿಯಂ, ಅಂದರೆ ಕಂತಿಗೆ ರಜೆ. ಹಾಗಾಗಿ ಸಾಲ ಕೊಟ್ಟ ದಿನವೇ ಬ್ಯಾಂಕಿನ ಸಿಸ್ಟಮ್‌ನಲ್ಲಿ ‘ಮೊದಲ ಕಂತು: ಆಗಸ್ಟ್ 2025’ ಎಂದು ಕೂತಿದೆ. ನಾನು ಸಾಫ್ಟ್‌ವೇರಿನವನು, ಆ ಕಾಗದ ನೋಡಿದ ಕೂಡಲೇ ಅರ್ಥವಾಯಿತು: ಹುಡುಗ ಯಾವ ಸೆಮಿಸ್ಟರಿನಲ್ಲಿದ್ದಾನೆ ಅಂತ ಸಿಸ್ಟಮ್‌ಗೆ ಗೊತ್ತಾಗುವುದಿಲ್ಲ. ಯಾರಾದರೂ ಆ ತಾರೀಕು ಬದಲಿಸಬೇಕು.

ಬದಲಿಸಲು ಅವಕಾಶವಿದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ, ವಿದ್ಯಾರ್ಥಿ ಹೇಳಿದ ಅವಧಿಯಲ್ಲಿ ಕೋರ್ಸ್ ಮುಗಿಸಲಾಗದಿದ್ದರೆ ಗರಿಷ್ಠ 2 ವರ್ಷ ಹೆಚ್ಚಿಗೆ ಕೊಡಬಹುದು. ಕಾರಣ ಅವನ ಕೈಮೀರಿದ್ದಾದರೆ, ಸಾಲ ಮಂಜೂರು ಮಾಡಿದ ಅಧಿಕಾರಿ ಇನ್ನೂ ಹೆಚ್ಚು ಅವಧಿಯನ್ನೂ ಪರಿಗಣಿಸಬಹುದು. ಆದರೆ ‘ಕೊಡಬಹುದು’ ಎಂದಿದೆ, ‘ಕೊಡಲೇಬೇಕು’ ಎಂದಿಲ್ಲ. ಕೇಳಿದರೆ ಮಾತ್ರ ಸಿಗುತ್ತದೆ.

ತಮ್ಮ ಮೊದಲು ತಂದದ್ದು ಬೊನಾಫೈಡ್ ಸರ್ಟಿಫಿಕೇಟ್. ‘ಸದರಿ ವಿದ್ಯಾರ್ಥಿ ನಮ್ಮಲ್ಲಿ ವ್ಯಾಸಂಗ ಮಾಡುತ್ತಿದ್ದಾನೆ’ ಅಂತ ಎರಡು ಸಾಲು. ಮ್ಯಾನೇಜರ್ ಹಿಂದಕ್ಕೆ ಕೊಟ್ಟರು, ಅವರದ್ದೂ ತಪ್ಪಲ್ಲ. ಕೋರ್ಸ್ ಯಾವಾಗ ಮುಗಿಯುತ್ತದೆ ಅಂತ ಅದರಲ್ಲಿ ಇರಲೇ ಇಲ್ಲ. ಹೊಸ ತಾರೀಕು ಹಾಕಲು ಅವರಿಗೆ ಬೇಕಾದದ್ದು ಅದೇ.

ಎರಡನೇ ಪತ್ರದಲ್ಲಿ ನಾವು ಬರೆಸಿದ್ದು: ಹೆಸರು, ಯುಎಸ್‌ಎನ್, ಸೇರಿದ ವರ್ಷ, ಮೊದಲು ಮುಗಿಯಬೇಕಿದ್ದ ತಿಂಗಳು, ತಡವಾಗಲು ಕಾರಣ, ಈಗ ಓದುತ್ತಿರುವ ಸೆಮಿಸ್ಟರ್, ಕೋರ್ಸ್ ಮುಗಿಯುವ ಹೊಸ ತಿಂಗಳು, ಜುಲೈ 2025. ಕೆಳಗೆ ಪ್ರಾಂಶುಪಾಲರ ಸಹಿ, ಸೀಲು, ತಾರೀಕು. ಇಯರ್ ಬ್ಯಾಕ್ ಅಂತ ಬರೆಸಲು ತಮ್ಮನಿಗೆ ನಾಚಿಕೆ. “ಅಣ್ಣಾ, ಅದೊಂದು ಬಿಡೂಣ” ಅಂದ. ಬಿಡಲಿಲ್ಲ. ಕಾರಣ ಬರೆಯದಿದ್ದರೆ ಹುಡುಗ ಓದು ಬಿಟ್ಟಿದ್ದಾನೇನೋ ಎಂಬ ಅನುಮಾನ ಬರುತ್ತದೆ. ಓದು ಬಿಟ್ಟವನಿಗೆ ರಜೆ ಸಿಗುವುದಿಲ್ಲ, ತಡವಾದವನಿಗೆ ಸಿಗಬಹುದು.

ಅದರ ಜೊತೆ ಬ್ಯಾಂಕಿಗೆ ನಾವು ಕೊಟ್ಟ ಅರ್ಜಿಯ ಮುಖ್ಯ ಭಾಗ ಹೀಗಿತ್ತು:

“ನನ್ನ ಕೋರ್ಸ್ ಜುಲೈ 2024ರ ಬದಲು ಜುಲೈ 2025ಕ್ಕೆ ಮುಗಿಯುತ್ತದೆ. ಕಾಲೇಜಿನ ಪತ್ರ ಲಗತ್ತಿಸಿದ್ದೇನೆ. ಆದ್ದರಿಂದ ಮೊರಟೋರಿಯಂ ಅವಧಿಯನ್ನು ಜುಲೈ 2026ರವರೆಗೆ ವಿಸ್ತರಿಸಿ, ಮೊದಲ ಕಂತನ್ನು ಆಗಸ್ಟ್ 2026ಕ್ಕೆ ನಿಗದಿಪಡಿಸಿ, ಪರಿಷ್ಕೃತ ಕಂತಿನ ಪಟ್ಟಿಯನ್ನು ಕೊಡಬೇಕೆಂದು ಕೋರುತ್ತೇನೆ.”

ತಮ್ಮನ ಜೊತೆ ಕಾಕಾನೂ ಸಹಿ ಹಾಕಿದರು, ಅವರು ಸಹ-ಸಾಲಗಾರರು. ಎರಡು ಪ್ರತಿ ಒಯ್ದು, ಒಂದರ ಮೇಲೆ ‘ಸ್ವೀಕರಿಸಲಾಗಿದೆ’ ಸೀಲು ಹಾಕಿಸಿಕೊಂಡೆವು.

ಆಮೇಲಿನ ಕೆಲಸವನ್ನೇ ಜನ ಮರೆಯುವುದು. ಪತ್ರ ಫೈಲಿಗೆ ಸೇರಿದ ಮಾತ್ರಕ್ಕೆ ತಾರೀಕು ಬದಲಾಗುವುದಿಲ್ಲ. ಹದಿನೈದು ದಿನ ಬಿಟ್ಟು ಹೊಸ ಕಂತಿನ ಪಟ್ಟಿ ಕೇಳಿದೆವು, ಆಗಲೇ ಅದು ಸಿಸ್ಟಮ್‌ನಲ್ಲಿ ಆಗಿತ್ತು. ಕಾಕಾನ ಉಳಿತಾಯ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಸೂಚನೆ ಇತ್ತು, ಅದರ ತಾರೀಕನ್ನೂ ಬದಲಿಸಿಸಿದೆವು. ಇಲ್ಲದಿದ್ದರೆ ಕಂತು ಬಾಕಿ ಬೀಳುತ್ತದೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ. ಆ ಕಲೆ ಹುಡುಗನ ಸಿಬಿಲ್ ಮೇಲೂ ಬೀಳುತ್ತದೆ, ಅಪ್ಪನ ಸಿಬಿಲ್ ಮೇಲೂ ಬೀಳುತ್ತದೆ. ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರಬಹುದು. ನಮಗೆ ಆ ಪ್ರಸಂಗ ಬರಲಿಲ್ಲ.

ಇನ್ನೊಂದು ಮಾತು. ರಜೆ ಕಂತಿಗೆ ಮಾತ್ರ, ಬಡ್ಡಿಗಲ್ಲ. 4 ಲಕ್ಷ ಸಾಲ, ಬಡ್ಡಿ ಶೇ. 10 ಅಂದುಕೊಳ್ಳಿ. ಒಂದು ವರ್ಷದ ಸರಳ ಬಡ್ಡಿ 40,000 ರೂಪಾಯಿ. ಅದು ಅಸಲಿಗೆ ಸೇರಿ 10 ವರ್ಷದ ಕಂತಾದರೆ, ತಿಂಗಳಿಗೆ ಸುಮಾರು 530 ರೂಪಾಯಿ ಹೆಚ್ಚು, ಒಟ್ಟು 63,000ಕ್ಕೂ ಮೇಲೆ. ಬದಲಿಗೆ ಆ ವರ್ಷದ ಬಡ್ಡಿಯನ್ನು ಆಗಾಗಲೇ ಕಟ್ಟಿದರೆ ತಿಂಗಳಿಗೆ 3,333 ರೂಪಾಯಿ, ಅಲ್ಲಿಗೆ ಮುಗಿಯಿತು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಶೇಂಗಾ ಮಾರಿದ ಮ್ಯಾಲೆ ಅರ್ಧ ಬಡ್ಡಿ ನಾ ಕಟ್ತೀನಿ, ಉಳಿದದ್ದು ನೌಕರಿ ಹತ್ತಿದ ಮ್ಯಾಲೆ ಅಂವ ನೋಡ್ಕೊಳ್ಳಲಿ” ಅಂದರು.

ತಮ್ಮ ಅವತ್ತೇ ಮೊದಲ ಸಲ ತಲೆ ಎತ್ತಿ ಆ ಲೆಕ್ಕದ ಕಾಗದವನ್ನು ಕೇಳಿ ಇಸಿದುಕೊಂಡ.